ಟಿಕೆಟ್ ಮಾಡುವ ಮುಂಚೆ ಓದುವ ಕಾಗದ

ಮಸ್ಕತ್‌ನ ಘಾಲಾ ಕೈಗಾರಿಕಾ ಪ್ರದೇಶದಲ್ಲಿ ಪೈಪು, ಎಸಿ, ಕಬ್ಬಿಣದ ಕಟ್ಟೋಣದ ಕೆಲಸ ಹಿಡಿಯುವ ಸಣ್ಣ ಕಂಪೆನಿಗಳು ಬಹಳ ಇವೆ. ಒಂದು ಶೆಡ್ಡು, ಅದರ ಮುಂದೆ ಅಂಗಳ, ನಾಲ್ಕಾರು ಗಾಡಿ, ಒಂದಿಷ್ಟು ಜನ. ಇಂಥಲ್ಲಿ ನೇಮಕಾತಿಗೆ ಬೇರೆ ವಿಭಾಗ ಇರುವುದಿಲ್ಲ. ಲೆಕ್ಕ ಬರೆಯುವವರೇ ಕೆಲಸಕ್ಕೆ ಬರುವವರ ಕಾಗದಪತ್ರವನ್ನೂ ನೋಡುತ್ತಾರೆ. ಅರಬ್ಬಿಯಲ್ಲಿ ಅರ್ಜಿ ಟೈಪ್ ಮಾಡಿಸಲು ಸನದ್ ಕಚೇರಿ ಇದೆ, ಸರ್ಕಾರಿ ಕಚೇರಿಗಳಿಗೆ ಓಡಾಡಲು ಮಂದೂಬ್ ಇರುತ್ತಾನೆ. ಆದರೆ ಮುಂದಿಟ್ಟ ಲೈಸೆನ್ಸು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಓದುವ ಕೆಲಸವನ್ನು ಇವರಿಬ್ಬರೂ ಮಾಡಿಕೊಡುವುದಿಲ್ಲ.

ಆ ಓದನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ಕುಂದಾಪುರ ಕಡೆಯ ಒಬ್ಬರ ಮೇಜಿನ ಪಕ್ಕ ಕೂತು ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಕಂಪೆನಿಯಲ್ಲಿ ಎಲ್ಲರೂ ಅವರನ್ನು ‘ಅಣ್ಣ’ ಎನ್ನುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಈ ಕೆಲಸದಲ್ಲಿ ಮೊದಲು ತಿಳಿಯಬೇಕಾದ ವಿಚಿತ್ರವೊಂದಿದೆ. ಊರಿನಿಂದ ತಂದ ಕಾಗದ, ಅದು ಎಷ್ಟೇ ಅಸಲಿಯಾಗಿರಲಿ, ಇಲ್ಲಿ ಕೆಲಸ ಮಾಡಲು ಪರವಾನಗಿ ಆಗುವುದಿಲ್ಲ. ಭಾರತದ ಡ್ರೈವಿಂಗ್ ಲೈಸೆನ್ಸನ್ನು ಕೊಟ್ಟು ಒಮಾನಿನ ಲೈಸೆನ್ಸು ಪಡೆದುಕೊಂಡು ಬರುವ ಹಾಗಿಲ್ಲ. ಇಲ್ಲಿ ನೆಲೆಸಿ ದುಡಿಯಲು ಬಂದವನು ರಾಯಲ್ ಒಮಾನ್ ಪೊಲೀಸರ ಪರೀಕ್ಷೆಗೆ ನಿಲ್ಲಬೇಕು. ನಮ್ಮವರು ಅದನ್ನು ‘ಡ್ರಮ್, ಸ್ಲೋಪ್, ರೋಡ್’ ಎಂದು ಮೂರು ಮಾತಿನಲ್ಲಿ ಹೇಳುತ್ತಾರೆ. ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಗಾಡಿ ತಿರುಗಿಸಿ ನಿಲ್ಲಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಡುವುದು, ಕೊನೆಗೆ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸಿ ತೋರಿಸುವುದು. ವೆಲ್ಡರನ ಕಥೆಯೂ ಹೀಗೇ. ಪೈಪಿನ ಬೆಸುಗೆಗೆ ಇಲ್ಲಿನ ಗುತ್ತಿಗೆಗಳಲ್ಲಿ ಹೆಚ್ಚಾಗಿ ಕೇಳುವುದು ಅಮೆರಿಕದ ಎಎಸ್‌ಎಂಇ ಸಂಸ್ಥೆಯ ಒಂಬತ್ತನೆಯ ಸೆಕ್ಷನ್ ಎಂಬ ನಿಯಮಾವಳಿಯನ್ನು. ಅದರ ಪ್ರಕಾರ ತನ್ನ ವೆಲ್ಡರನ್ನು ಪರೀಕ್ಷಿಸುವ ಹೊಣೆ ಅವನನ್ನು ದುಡಿಸಿಕೊಳ್ಳುವ ಕಂಪೆನಿಯದು. ಹಿಂದಿನ ಕಂಪೆನಿ ಕೊಟ್ಟ ಪತ್ರ ಹೊಸ ಕಂಪೆನಿಗೆ ತಾನಾಗಿ ಅನ್ವಯಿಸುವುದಿಲ್ಲ.

ಇಬ್ಬರಿಗೂ ಮತ್ತೆ ಪರೀಕ್ಷೆ ಇದ್ದೇ ಇರುವಾಗ ಹಳೆಯ ಕಾಗದವನ್ನು ಇಷ್ಟು ಕೂಲಂಕಷವಾಗಿ ಓದುವುದೇಕೆ? ಆ ಪರೀಕ್ಷೆ ನಡೆಯುವ ಹೊತ್ತಿಗೆ ಮನುಷ್ಯ ವೀಸಾ ಪಡೆದು, ಊರು ಬಿಟ್ಟು, ಮಸ್ಕತ್‌ನಲ್ಲಿ ಇಳಿದು, ನಿವಾಸಿ ಕಾರ್ಡು, ಅಂದರೆ ಎಲ್ಲರ ಬಾಯಲ್ಲೂ ಇರುವ ‘ಬತಾಕ’, ಮಾಡಿಸಿಕೊಂಡಿರುತ್ತಾನೆ. ಅಲ್ಲಿ ಸೋತರೆ ಕಂಪೆನಿಗೆ ಹಣ ನಷ್ಟ, ಅವನಿಗೆ ಸಾಲ. ಬತಾಕದಲ್ಲಿ ಯಾವ ವೃತ್ತಿ ಬರೆದಿದೆಯೋ ಅದೇ ಕೆಲಸವನ್ನು ಮಾಡಬೇಕೆಂಬುದು ಕಾನೂನಾದ್ದರಿಂದ, ಹೆವಿ ಡ್ರೈವರ್ ಎಂದು ಕರೆಸಿದವನನ್ನು ಗೋಡೌನಿನಲ್ಲಿ ಸಾಮಾನು ಜೋಡಿಸಲು ಹಚ್ಚುವಂತೆಯೂ ಇಲ್ಲ. ಕೆಲವು ಡ್ರೈವರ್ ಹುದ್ದೆಗಳು ಒಮಾನಿಗಳಿಗೇ ಮೀಸಲಾಗಿವೆ. ಆ ಪಟ್ಟಿ ಆಗಾಗ ಬೆಳೆಯುತ್ತಿರುತ್ತದೆ. ಹಾಗಾಗಿ ಅಣ್ಣ ಮೊದಲು ನೋಡುವುದು ಅಭ್ಯರ್ಥಿಯ ಲೈಸೆನ್ಸನ್ನಲ್ಲ, ಹುದ್ದೆಯ ಹೆಸರನ್ನು. ಅದು ಹೊರಗಿನವರಿಗೆ ತೆರೆದಿದೆ ಎಂದು ಮಂದೂಬ್‌ನಿಂದ ಖಚಿತವಾದ ಮೇಲೆಯೇ ಕಡತ ಬಿಚ್ಚುತ್ತಾರೆ.

ನಾನು ನೋಡಿದ ಕಡತ ಲಾರಿ ಓಡಿಸಲು ಅರ್ಜಿ ಹಾಕಿದ ಉಡುಪಿ ಜಿಲ್ಲೆಯ ಯುವಕನದು. ಹತ್ತು ವರ್ಷ ಹೆವಿ ಓಡಿಸಿದ ಅನುಭವ ಎಂದು ಬಯೋಡೇಟಾದಲ್ಲಿ ಬರೆದಿತ್ತು. ಲೈಸೆನ್ಸಿನ ಎರಡೂ ಬದಿಯ ಫೋಟೋ ಇತ್ತು.

ಭಾರತದ ಲೈಸೆನ್ಸಿನ ಸಂಖ್ಯೆಯನ್ನು ಬಿಡಿಸಿ ಓದಬಹುದು. ಮೊದಲ ಎರಡು ಅಕ್ಷರ ರಾಜ್ಯ, ಮುಂದಿನ ಎರಡು ಅಂಕಿ ಆರ್‌ಟಿಒ ಕಚೇರಿ, ಆಮೇಲೆ ನಾಲ್ಕು ಅಂಕಿಯ ಇಸವಿ, ಉಳಿದ ಏಳು ಅಂಕಿ ಕ್ರಮಸಂಖ್ಯೆ. KA20 ಎಂದರೆ ಉಡುಪಿ, KA19 ಮಂಗಳೂರು, KL14 ಕಾಸರಗೋಡು. ಈ ಯುವಕನ ಸಂಖ್ಯೆ KA20 ಎಂದು ಶುರುವಾಗಿ 2013ರ ಇಸವಿಯನ್ನು ಹೊತ್ತಿತ್ತು. ಹತ್ತು ವರ್ಷದ ಅನುಭವಕ್ಕೆ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು.

ಕಾರ್ಡಿನಲ್ಲಿ ಅಚ್ಚಾಗಿರುವುದನ್ನು ಅಣ್ಣ ಅಲ್ಲಿಗೇ ನಂಬುವುದಿಲ್ಲ, ಅಲ್ಲಿಗೇ ಅನುಮಾನಿಸುವುದೂ ಇಲ್ಲ. ಕೇಂದ್ರ ಸಾರಿಗೆ ಇಲಾಖೆಯ parivahan.gov.in ಜಾಲತಾಣದ ಸಾರಥಿ ವಿಭಾಗದಲ್ಲಿ ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿದರೆ ಇಲಾಖೆಯ ದಾಖಲೆ ತೆರೆದುಕೊಳ್ಳುತ್ತದೆ. ವಿಳಾಸವನ್ನು ಅವರು ಪ್ರತಿ ಸಲ ಕೈಯಿಂದಲೇ ಬೆರಳಚ್ಚಿಸುತ್ತಾರೆ. ಅಭ್ಯರ್ಥಿಯೋ ಏಜೆಂಟನೋ ಕಳಿಸಿದ ಲಿಂಕನ್ನು ಒತ್ತುವುದಿಲ್ಲ. ಕಾರ್ಡಿನ ಮೇಲಿನ ಕ್ಯೂಆರ್ ಚೌಕವನ್ನೂ ಸ್ಕ್ಯಾನ್ ಮಾಡಿ ಬಿಡುವುದಿಲ್ಲ. ಕ್ಯೂಆರ್ ಎಲ್ಲಿಗೆ ಬೇಕಾದರೂ ಕರೆದೊಯ್ಯಬಲ್ಲದು. ಸರ್ಕಾರಿ ಪುಟದಂತೆಯೇ ಕಾಣುವ ಇನ್ನೊಂದು ಪುಟ ಕಟ್ಟುವುದು ಸುಲಭ, ಆದರೆ ಅದರ ಡೊಮೇನ್ ಹೆಸರಿನ ಕೊನೆಯಲ್ಲಿ gov.in ಇರುವುದಿಲ್ಲ.

ಸಾರಥಿಯ ಪುಟದಲ್ಲಿ ಹೆಚ್ಚಿನವರು ನೋಡುವುದು ಎರಡನ್ನೇ: ಲೈಸೆನ್ಸು ಚಾಲ್ತಿಯಲ್ಲಿದೆಯೇ, ಹೆಸರು ಹೊಂದುತ್ತದೆಯೇ. ಅಣ್ಣನ ಕಣ್ಣು ಕೆಳಗಿನ ಕೋಷ್ಟಕಕ್ಕೆ ಇಳಿಯುತ್ತದೆ. ಅಲ್ಲಿ ವಾಹನದ ಪ್ರತಿ ವರ್ಗದ ಎದುರು ಅದು ಲೈಸೆನ್ಸಿಗೆ ಸೇರಿದ ದಿನಾಂಕ ಬೇರೆ ಬೇರೆಯಾಗಿ ಇರುತ್ತದೆ. ಗೇರಿನ ಬೈಕಿಗೆ MCWG, ಕಾರಿನಂಥ ಹಗುರ ವಾಹನಕ್ಕೆ LMV, ಬಾಡಿಗೆ ಮತ್ತು ಸಾಗಣೆ ವಾಹನಕ್ಕೆ TRANS. ಮೋಟಾರು ವಾಹನ ಕಾಯ್ದೆಯ ಪ್ರಕಾರ ಹಗುರ ವಾಹನದ ಲೈಸೆನ್ಸು ಕೈಗೆ ಬಂದು ಒಂದು ವರ್ಷವಾದರೂ ಆಗದೆ ಸಾಗಣೆ ವಾಹನಕ್ಕೆ ಕಲಿಕೆಯ ಲೈಸೆನ್ಸು ಕೂಡ ಸಿಗದು. ಹಾಗಾಗಿ ಮೊದಲ ಲೈಸೆನ್ಸಿನ ಇಸವಿ ಒಂದು, ಲಾರಿಯ ಇಸವಿ ಇನ್ನೊಂದು. ಈ ಯುವಕನ ಪುಟದಲ್ಲಿ ಬೈಕು, ಕಾರು ಎರಡೂ 2013ರಲ್ಲಿ ಬಿದ್ದಿದ್ದವು. TRANS ಬಿದ್ದದ್ದು 2023ರಲ್ಲಿ.

ಅಂದರೆ ಕಾರ್ಡು ಅಪ್ಪಟ ಅಸಲಿ. ಅಕ್ಷರ, ಚಿಪ್, ಮೊಹರು ಎಲ್ಲವೂ ಸರಿ. ತಪ್ಪಿದ್ದದ್ದು ಬಯೋಡೇಟಾ. ನಕಲಿ ಕಾರ್ಡನ್ನು ಹಿಡಿಯುವುದಕ್ಕಿಂತ ಅಸಲಿ ಕಾರ್ಡು ಎಷ್ಟನ್ನು ಮಾತ್ರ ಹೇಳುತ್ತದೆ ಎಂದು ಕಾಣುವುದು ಕಷ್ಟ. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದು ಆ ಕೋಷ್ಟಕದ ಒಂದು ಸಾಲಿನಲ್ಲಿ.

ವಿಡಿಯೋ ಕಾಲ್‌ನಲ್ಲಿ ಅಣ್ಣ ದನಿ ಏರಿಸಲಿಲ್ಲ.

“ಅಲ್ಲ ಮಾರಾಯಾ, ಲಾರಿ ಲೈಸೆನ್ಸ್ ಆದದ್ದು 2023ರಲ್ಲಿ ಅಲ್ವಾ? ಅದಕ್ಕೆ ಮೊದಲು ಎಂತ ಗಾಡಿ ಬಿಡ್ತಿದ್ದೆ?”

“ಮೊದಲು ಲಾರಿಯಲ್ಲಿ ಕ್ಲೀನರ್ ಇದ್ದೆ ಅಣ್ಣ. ಆಮೇಲೆ ಸಣ್ಣ ಟೆಂಪೋ.”

“ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡಿದ ಕೂಡಲೇ ಹೊರಡ್ತೀಯಾ?”

“ಇಲ್ಲ, ಏರ್ ಹತ್ತಬೇಕಲ್ಲ. ಅಲ್ಲಿವರೆಗೆ ಬ್ರೇಕೇ ಬಿಡೂದಿಲ್ಲ.”

ಕೊನೆಯ ಪ್ರಶ್ನೆ ಅಣ್ಣನ ಅಳತೆಗೋಲುಗಳಲ್ಲಿ ಒಂದು. ದೊಡ್ಡ ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ನಿಲುಗಡೆಯ ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್. ಟ್ಯಾಂಕಿನಲ್ಲಿ ಸಾಕಷ್ಟು ಗಾಳಿ ತುಂಬಿದಾಗಲೇ ಆ ಸ್ಪ್ರಿಂಗ್ ಹಿಂದೆ ಸರಿಯುತ್ತದೆ. ಕಾರು ಮಾತ್ರ ಓಡಿಸಿದವನಿಗೆ ಇದು ಹೊಳೆಯುವುದಿಲ್ಲ. ಯುವಕನಿಗೆ ಲಾರಿ ಗೊತ್ತಿತ್ತು. ಹತ್ತು ವರ್ಷದಿಂದ ಗೊತ್ತಿರಲಿಲ್ಲ, ಅಷ್ಟೇ. ಹೆವಿ ಹುದ್ದೆಯ ಕಡತದಿಂದ ಅವನ ಹೆಸರು ತೆಗೆದು, ಪಿಕಪ್ ಓಡಿಸುವ ಲೈಟ್ ಹುದ್ದೆಗೆ ಬರೆದಿಟ್ಟರು. ಟೆಂಪೋ ಓಡಿಸಿದ ವರ್ಷಗಳು ಅಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತವೆ.

ಹೊಂದಿಕೆಯಾಗದ್ದೆಲ್ಲವೂ ಮೋಸವಲ್ಲ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಉದ್ದವಾಗಿರುತ್ತದೆ, ಲೈಸೆನ್ಸಿನಲ್ಲಿ ಒಂದೇ ಇನಿಷಿಯಲ್ ಇರುತ್ತದೆ. ಶೇಖರ, ಶೇಖರ್, ಚಂದ್ರಶೇಖರ ಮೂವರೂ ಒಬ್ಬನೇ ಇರಬಹುದು. ಹುಟ್ಟಿದ ದಿನಾಂಕ, ತಂದೆಯ ಹೆಸರು, ಫೋಟೋ ಮೂರೂ ಕೂಡಿದರೆ ಅಣ್ಣ ಅದನ್ನು ಒಪ್ಪಿ, ಕಡತದಲ್ಲಿ ಕಾರಣ ಬರೆದಿಡುತ್ತಾರೆ. ಹಳೆಯ ಪುಸ್ತಕ ರೂಪದ ಲೈಸೆನ್ಸುಗಳು ಕೆಲವು ಸಾರಥಿಗೆ ಏರಿಯೇ ಇಲ್ಲ. ಅಂಥವನಿಗೆ ‘ನಿನ್ನದು ಸುಳ್ಳು’ ಎನ್ನುವುದಿಲ್ಲ. ತನ್ನ ಆರ್‌ಟಿಒ ಕಚೇರಿಗೆ ಹೋಗಿ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸಲು ಅರ್ಜಿ ಕೊಡು, ಆಮೇಲೆ ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆಸಿ ತಾ ಎನ್ನುತ್ತಾರೆ. ಎಕ್ಸ್‌ಟ್ರಾಕ್ಟ್ ಎಂದರೆ ಆ ಲೈಸೆನ್ಸಿನ ಬಗ್ಗೆ ಕಚೇರಿಯಲ್ಲಿ ಏನೇನು ನಮೂದಾಗಿದೆಯೋ ಅದರ ಪ್ರತಿ.

ಡಿಜಿಲಾಕರ್ ಇದ್ದವರ ಕೆಲಸ ಹಗುರ. ಆದರೆ ಅಲ್ಲೂ ಎರಡು ಬಗೆಯ ಕಾಗದ ಇರುತ್ತದೆ. ಇಲಾಖೆಯೇ ನೇರವಾಗಿ ಕಳಿಸಿದ್ದು Issued ಎಂಬ ವಿಭಾಗದಲ್ಲಿ ಬರುತ್ತದೆ. ಅಭ್ಯರ್ಥಿ ತಾನೇ ಫೋಟೋ ತೆಗೆದು ಏರಿಸಿದ್ದು Drive ಎಂಬಲ್ಲಿ ಕೂರುತ್ತದೆ. ಎರಡನೆಯದಕ್ಕೆ ವಾಟ್ಸಾಪಿನ ಫೋಟೋಗಿಂತ ಹೆಚ್ಚಿನ ಬೆಲೆ ಇಲ್ಲ. ಅಭ್ಯರ್ಥಿಯೇ ತನ್ನ ಮೊಬೈಲಿನಲ್ಲಿ ತೆರೆದು ತೋರಿಸಬೇಕು. ಅವನ ಓಟಿಪಿಯನ್ನು ಅಣ್ಣ ಕೇಳುವುದಿಲ್ಲ, ಅವನಾಗಿ ಹೇಳಹೊರಟರೂ ತಡೆಯುತ್ತಾರೆ.

ತಂತ್ರಜ್ಞರ ಕಾಗದದಲ್ಲಿ ಇನ್ನೊಂದು ಪದರ ಸೇರುತ್ತದೆ: ಅಪೋಸ್ಟಿಲ್. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲು ಅಂಟಿಸುವ ದೃಢೀಕರಣ ಚೀಟಿ ಇದು. ಹೇಗ್ ನಗರದಲ್ಲಿ ಆದ ಒಪ್ಪಂದವೊಂದರಿಂದ ಬಂದದ್ದು. ಭಾರತ 2005ರಲ್ಲಿ, ಒಮಾನ್ 2012ರಲ್ಲಿ ಆ ಒಪ್ಪಂದದ ವ್ಯಾಪ್ತಿಗೆ ಬಂದವು. ಭಾರತದಲ್ಲಿ ರಾಜ್ಯ ಮಟ್ಟದ ಅಧಿಕಾರಿಯೊಬ್ಬರು ಮೊದಲು ಸಹಿ ಹಾಕುತ್ತಾರೆ, ನಂತರ ವಿದೇಶಾಂಗ ಸಚಿವಾಲಯ ಚೀಟಿ ಅಂಟಿಸುತ್ತದೆ. ಅದರ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ತಾಳೆ ನೋಡಬಹುದು.

ಮಾಲೀಕರಲ್ಲಿ ಬಹುಮಂದಿ ಈ ಚೀಟಿ ಕಂಡ ಕೂಡಲೇ ಕಣ್ಣು ಮುಚ್ಚುತ್ತಾರೆ. ಅಣ್ಣ ಅಲ್ಲಿ ಕನ್ನಡಕ ಹಾಕಿಕೊಳ್ಳುತ್ತಾರೆ. ಅಪೋಸ್ಟಿಲ್ ದೃಢಪಡಿಸುವುದು ಒಂದು ಸಹಿಯನ್ನು ಮತ್ತು ಮೊಹರನ್ನು. ಕಾಗದದೊಳಗೆ ಬರೆದದ್ದು ನಿಜವೆಂದು ಅದು ಹೇಳುವುದೇ ಇಲ್ಲ. ಚೀಟಿಯಲ್ಲಿ ಹತ್ತು ಸಾಲುಗಳಿವೆ. ಎರಡನೆಯದು ಯಾರು ಸಹಿ ಮಾಡಿದರು ಎಂಬುದು, ಮೂರನೆಯದು ಯಾವ ಹುದ್ದೆಯಲ್ಲಿ ಮಾಡಿದರು ಎಂಬುದು. ಮೂರನೆಯ ಸಾಲಿನಲ್ಲಿ ನೋಟರಿ ಎಂದಿದ್ದರೆ ಅಲ್ಲಿ ದೃಢಪಟ್ಟಿರುವುದು ಜೆರಾಕ್ಸ್ ಪ್ರತಿಯ ಮೇಲೆ ನೋಟರಿ ಹಾಕಿದ ಸಹಿ ಮಾತ್ರ. ಮೂಲ ಪ್ರಮಾಣಪತ್ರದ ಬಗ್ಗೆ ಯಾರೂ ಏನೂ ಹೇಳಿಲ್ಲ. ಹಾಗಾಗಿ ಅಪೋಸ್ಟಿಲ್ ಇದ್ದರೂ ಇಲ್ಲದಿದ್ದರೂ ಪ್ರಮಾಣಪತ್ರ ಕೊಟ್ಟವರನ್ನೇ ಕೇಳಬೇಕಾಗುತ್ತದೆ.

ವೆಲ್ಡರ್ ಹುದ್ದೆಗೆ ಬಂದ ಕಡತದಲ್ಲಿ ಎರಡು ಪ್ರಮಾಣಪತ್ರಗಳಿದ್ದವು. ಒಂದು ಐಟಿಐಯದು. ಐಟಿಐಯ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವನ್ನು ಬಹಳ ವರ್ಷ ಎನ್‌ಸಿವಿಟಿ ಎಂಬ ಕೇಂದ್ರ ಪರಿಷತ್ತಿನ ಹೆಸರಿನಲ್ಲಿ ಕೊಡುತ್ತಿದ್ದರು. ರಾಜ್ಯ ಪರಿಷತ್ತಿನದು ಎಸ್‌ಸಿವಿಟಿ. ಇತ್ತೀಚಿನ ವರ್ಷಗಳದ್ದನ್ನು ಸರ್ಕಾರಿ ಪೋರ್ಟಲಿನಲ್ಲಿ ತಾಳೆ ನೋಡಬಹುದು. ಹಳೆಯದಾದರೆ ಪ್ರಾಂಶುಪಾಲರಿಗೆ ಪತ್ರ ಬರೆಯುತ್ತಾರೆ, ಫೋನಿನ ಸಂಖ್ಯೆಯನ್ನು ಇಲಾಖೆಯ ಜಾಲತಾಣದಿಂದ ಎತ್ತಿಕೊಳ್ಳುತ್ತಾರೆ. ಪ್ರಮಾಣಪತ್ರದ ಮೇಲೆಯೇ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡಿದರೆ ಅದನ್ನು ಅಚ್ಚು ಹಾಕಿಸಿದವನೇ ಫೋನ್ ಎತ್ತಬಹುದು. ಕೋರ್ಸಿನ ಅವಧಿಯೂ ಒಂದು ಗುರುತು. ವೆಲ್ಡರ್ ಒಂದು ವರ್ಷದ ಕೋರ್ಸು. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದವು. ‘ವೆಲ್ಡರ್, ಎರಡು ವರ್ಷ’ ಎಂದು ಕಂಡರೆ ಪೆನ್ನು ಅಲ್ಲೇ ನಿಲ್ಲುತ್ತದೆ.

ಎರಡನೆಯ ಕಾಗದ ‘ಸಿಕ್ಸ್ ಜಿ ಸರ್ಟಿಫಿಕೇಟ್’. ವೆಲ್ಡರುಗಳ ಲೋಕದಲ್ಲಿ ಇದಕ್ಕೆ ದೊಡ್ಡ ಮರ್ಯಾದೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸಿರುತ್ತಾರೆ. ಪೈಪ್ ತಿರುಗುವುದಿಲ್ಲ, ವೆಲ್ಡರನೇ ಅದರ ಸುತ್ತ ತಿರುಗಬೇಕು. ಅಡಿಯಲ್ಲಿ ಮಲಗಿದಂತೆ ಬಾಗಿ, ಬದಿಯಲ್ಲಿ ಕೂತು, ಮೇಲೆ ನಿಂತು, ಒಂದೇ ಬೆಸುಗೆಯಲ್ಲಿ ಎಲ್ಲ ಭಂಗಿಗಳನ್ನೂ ಮುಗಿಸಬೇಕು. ಸುರತ್ಕಲ್ ಕಡೆ ರಿಫೈನರಿಯ ಶಟ್‌ಡೌನ್ ಕೆಲಸದಲ್ಲಿ ದುಡಿದಿದ್ದ ಈ ವೆಲ್ಡರನ ಪತ್ರವನ್ನು ಕೊಟ್ಟ ಕಂಪೆನಿಗೂ, ಪರೀಕ್ಷೆಗೆ ಸಾಕ್ಷಿಯಾಗಿದ್ದ ತಪಾಸಣಾ ಸಂಸ್ಥೆಗೂ ಅಣ್ಣ ಇಮೇಲ್ ಬರೆದರು. ಎರಡೂ ಕಡೆಯಿಂದ ‘ಹೌದು, ನಮ್ಮದೇ’ ಎಂದು ಉತ್ತರ ಬಂತು. ಅಲ್ಲಿಗೆ ಕೆಲಸ ಮುಗಿಯಿತು ಎಂದು ನಾನು ಎಣಿಸಿದ್ದೆ.

ಆದರೆ ಅಣ್ಣ ಪತ್ರವನ್ನು ಕಂಪೆನಿಯ ಫೋರ್‌ಮನ್‌ಗೆ ದಾಟಿಸಿದರು. ಫೋರ್‌ಮನ್ ನೋಡಿದ್ದು ಪರೀಕ್ಷೆಯ ಪೈಪಿನ ಅಳತೆಯನ್ನು: ಆರು ಇಂಚು, ಗೋಡೆಯ ದಪ್ಪ 10.97 ಮಿ.ಮೀ. ಕಂಪೆನಿಯ ಕೈಯಲ್ಲಿದ್ದ ಕೆಲಸ ಎರಡು ಇಂಚಿನ ಗಾಳಿಕೊಳವೆಯದು. ದೊಡ್ಡ ಪೈಪ್ ಬೆಸೆದವನಿಗೆ ಸಣ್ಣದೇನು ಮಹಾ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಪೈಪ್ ಸಣ್ಣದಾದಷ್ಟೂ ಅದರ ಬಾಗು ತೀವ್ರ. ಕೈ ಮುಂದೆ ಸರಿಯುವ ಪ್ರತಿ ಹಂತದಲ್ಲೂ ಟಾರ್ಚಿನ ಕೋನ ಬದಲಾಗಬೇಕು, ಬಿಸಿಯೂ ಬೇಗ ಏರಿ ಲೋಹ ಒಳಕ್ಕೆ ಕುಸಿಯುತ್ತದೆ. ಅದಕ್ಕೇ ನಿಯಮ ಗೆರೆ ಹಾಕಿದೆ. 73 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ವ್ಯಾಸದ ಪೈಪಿನಲ್ಲಿ ಪರೀಕ್ಷೆ ಕೊಟ್ಟವನು 73ಕ್ಕಿಂತ ಕಡಿಮೆಯದನ್ನು ಮುಟ್ಟುವಂತಿಲ್ಲ. 25ರಿಂದ 73ರೊಳಗಿನ ಪೈಪಿನಲ್ಲಿ ಕೊಟ್ಟವನಿಗೆ 25 ಮಿ.ಮೀ.ನಿಂದ ಮೇಲಿನ ಎಲ್ಲ ವ್ಯಾಸಕ್ಕೂ ಅನುಮತಿ. ಆರು ಇಂಚಿನ ಪೈಪಿನ ಹೊರವ್ಯಾಸ 168.3 ಮಿ.ಮೀ., ಎರಡು ಇಂಚಿನದು 60.3. ಅಸಲಿ ಪತ್ರ, ನಿಪುಣ ಕೈ, ಆದರೂ ಈ ಕೆಲಸಕ್ಕೆ ಆ ಪತ್ರ ಸಲ್ಲುವುದಿಲ್ಲ.

ಕೈ ಹೇಗಿದೆ ಎಂದು ನೋಡುವುದೊಂದೇ ಉಳಿದ ದಾರಿ. ವೀಸಾಕ್ಕೆ ಅರ್ಜಿ ಹಾಕುವ ಮುಂಚೆ ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಟ್ರೇಡ್ ಟೆಸ್ಟ್ ಏರ್ಪಾಡಾಯಿತು. ಎರಡು ಇಂಚಿನ ಪೈಪ್, ಗೋಡೆ 5.54 ಮಿ.ಮೀ., 45 ಡಿಗ್ರಿ ಓರೆ. ಮೊದಲ ಪದರ ಟಿಗ್, ಅಂದರೆ ನಮ್ಮವರು ‘ಆರ್ಗಾನ್’ ಎನ್ನುವುದು. ಮೇಲಿನದು ರಾಡಿನ ವೆಲ್ಡಿಂಗ್. ಫೋರ್‌ಮನ್ ಘಾಲಾದಲ್ಲಿ ಕೂತು ಮೊಬೈಲಿನಲ್ಲಿ ನೋಡಿದರು.

ಕಿಡಿ ಹಾರುವ ಮುಂಚಿನ ಹೊತ್ತೇ ಅವರಿಗೆ ಮುಖ್ಯ. ವೆಲ್ಡರ್ ಎರಡು ಪೈಪುಗಳ ತುದಿಯನ್ನು ಒಳಗೂ ಹೊರಗೂ ಉಜ್ಜಿ ಬೆಳ್ಳಗೆ ಮಾಡಿದ. ನಡುವಿನ ಬಿಡುವನ್ನು ಅಳೆಯಲು ಫಿಲ್ಲರ್ ತಂತಿಯನ್ನೇ ತೂರಿಸಿ ನೋಡಿದ. ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿದ ಮೇಲೆ, ಪ್ರತಿ ಚುಕ್ಕೆಯ ಎರಡೂ ತುದಿಗಳನ್ನು ಗ್ರೈಂಡರಿನಿಂದ ತೆಳುವಾಗಿ ಇಳಿಸಿದ. ಹಾಗೆ ಇಳಿಸದಿದ್ದರೆ ಮೊದಲ ಪದರ ಚುಕ್ಕೆಯನ್ನು ದಾಟುವಾಗ ಅದರಡಿಯಲ್ಲಿ ಕರಗದ ಸಣ್ಣ ಜಾಗ ಉಳಿಯುತ್ತದೆ. ಆಮೇಲೆ 7018 ರಾಡು ಓವನಿನಿಂದ ತೆಗೆದದ್ದೇ ಎಂದು ವರ್ಕ್‌ಶಾಪಿನವನನ್ನು ಕೇಳಿದ. ಆ ರಾಡು ತೇವ ಹೀರಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡಬಹುದು. “ಇವನು ಆಗ್ತಾನೆ” ಎಂದರು ಫೋರ್‌ಮನ್. ಇನ್ನೂ ಒಂದು ಕಿಡಿಯೂ ಹಾರಿರಲಿಲ್ಲ.

ಆದರೂ ತೀರ್ಪು ಕಣ್ಣಿನದಲ್ಲ. ಬೆಸೆದ ಪೈಪಿನಿಂದ ನಾಲ್ಕು ಪಟ್ಟಿಗಳನ್ನು ಕತ್ತರಿಸಿದರು. ಎರಡನ್ನು ಬೆಸುಗೆಯ ಹೊರಮೈ ಹಿಗ್ಗುವಂತೆ, ಎರಡನ್ನು ಒಳಮೈ ಹಿಗ್ಗುವಂತೆ ಯಂತ್ರದಲ್ಲಿ ಕುದುರೆಲಾಳದ ಆಕಾರಕ್ಕೆ ಬಗ್ಗಿಸಿದರು. ಹಿಗ್ಗಿದ ಮೈಯಲ್ಲಿ ಯಾವ ದಿಕ್ಕಿನಲ್ಲೇ ಆಗಲಿ 3 ಮಿ.ಮೀ. ಮೀರಿ ಬಾಯಿ ಬಿಟ್ಟ ದೋಷ ಇದ್ದರೆ ನಪಾಸು. ನಾಲ್ಕರಲ್ಲಿ ಮೂರು ನುಣುಪಾಗಿದ್ದವು. ಒಳಮೈಯ ಒಂದು ಪಟ್ಟಿಯಲ್ಲಿ ಸೂಜಿ ಮೊನೆಯಷ್ಟು ತೂತು ಕಂಡಿತು. ಅಳೆದರೆ ಮಿತಿಯ ಒಳಗೇ ಇತ್ತು. ಪಾಸು.

ಇದು ನೇಮಕಕ್ಕೆ ಸಾಕು, ಕೆಲಸಕ್ಕೆ ಸಾಲದು. ಅವನು ಮಸ್ಕತ್‌ಗೆ ಬಂದ ಮೇಲೆ ಕಂಪೆನಿಯದೇ ಮೇಲ್ವಿಚಾರಣೆಯಲ್ಲಿ, ತಪಾಸಣಾ ಸಂಸ್ಥೆಯವರ ಎದುರು, ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಕೊಟ್ಟ. ಆಗ ಹುಟ್ಟಿದ ಪತ್ರದಲ್ಲಿ ಅವನ ಮಿತಿಯೂ ಬರೆದಿದೆ: 25 ಮಿ.ಮೀ. ವ್ಯಾಸದಿಂದ ಮೇಲಕ್ಕೆ. ದಪ್ಪದ ಲೆಕ್ಕ ಬೇರೆ. ತೆಳು ಗೋಡೆಯ ಪೈಪಿನಲ್ಲಿ ವೆಲ್ಡರ್ ಎಷ್ಟು ದಪ್ಪ ಲೋಹ ತುಂಬಿದನೋ ಅದರ ಎರಡರಷ್ಟಕ್ಕೆ ಮಾತ್ರ ಅವನು ಅರ್ಹ. ಟಿಗ್‌ನಲ್ಲಿ ತುಂಬಿದ್ದನ್ನೂ ರಾಡಿನಲ್ಲಿ ತುಂಬಿದ್ದನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಮುಂದೆ ದಪ್ಪ ಗೋಡೆಯ ಕೆಲಸ ಬಂದರೆ ಇನ್ನೊಂದು ಪರೀಕ್ಷೆ.

ಮೂಲ ಪ್ರಮಾಣಪತ್ರಗಳನ್ನು ಅಣ್ಣ ಕಂಪೆನಿಯ ಕಪಾಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ತೆಗೆದು, ಯಾರು ಯಾವ ದಿನ ಎಲ್ಲಿ ತಾಳೆ ನೋಡಿದರು ಎಂದು ಅದರ ಮೂಲೆಯಲ್ಲಿ ಬರೆದು, ಮೂಲವನ್ನು ಅವನ ಕೈಗೇ ಕೊಡುತ್ತಾರೆ. ಗೋಡೆಯ ಮೇಲೆ ದಿನಾಂಕಗಳ ಒಂದು ಪಟ್ಟಿ ಇದೆ. ಡ್ರೈವರುಗಳ ಒಮಾನಿ ಲೈಸೆನ್ಸು ಮುಗಿಯುವ ದಿನ ಒಂದು ಸಾಲಿನಲ್ಲಿ. ವೆಲ್ಡರುಗಳ ಸಾಲಿನಲ್ಲಿ ಮುಗಿಯುವ ದಿನವೇ ಇಲ್ಲ. ಅದರ ಬದಲು, ಯಾವ ವಿಧಾನದಲ್ಲಿ ಕೊನೆಯ ಸಲ ಬೆಸೆದದ್ದು ಯಾವತ್ತು ಎಂದು ಫೋರ್‌ಮನ್ ತುಂಬುವ ಖಾನೆಗಳಿವೆ, ಟಿಗ್‌ಗೆ ಒಂದು, ರಾಡಿಗೆ ಒಂದು. ಕೈ ನಡೆಯುತ್ತಿರುವವರೆಗೂ ಪತ್ರ ಚಾಲ್ತಿಯಲ್ಲಿರುತ್ತದೆ. ಎರಡು ತಿಂಗಳ ರಜೆಗೆ ಊರಿಗೆ ಹೋಗಿ ಬಂದರೆ ತೊಂದರೆಯಿಲ್ಲ. ಆದರೆ ಒಂದು ವಿಧಾನವನ್ನು ಆರು ತಿಂಗಳು ಮುಟ್ಟದೆ ಬಿಟ್ಟರೆ, ಆ ವಿಧಾನದ ಮಟ್ಟಿಗೆ ಪತ್ರ ಬಿದ್ದುಹೋಗುತ್ತದೆ, ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಹಾಗಾಗಿ ರಾಡಿನ ಕೆಲಸವೇ ಇಲ್ಲದ ತಿಂಗಳುಗಳು ಬಂದಾಗ, ಐದನೆಯ ತಿಂಗಳಿನಲ್ಲಿ ಅಣ್ಣ ಫೋರ್‌ಮನ್‌ಗೆ ಫೋನ್ ಮಾಡಿ, ಶೆಡ್ಡಿನ ಯಾವುದಾದರೂ ರಿಪೇರಿಯನ್ನು ಇವನ ಕೈಯಿಂದ ರಾಡಿನಲ್ಲಿ ಮಾಡಿಸಿ ಸಹಿ ಹಾಕಿ ಎಂದು ನೆನಪಿಸುತ್ತಾರೆ.